ಮಣ್ಣಿನ ಗುರುವಿನ ಮುಂದೆ

ವೇದಿಕೆಯ ಮೇಲಿರುವ ಮುಖ್ಯೋಪಾಧ್ಯಾಯರೇ, ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷರೇ, ಸದಸ್ಯರೇ, ಒಂದು ಕಾಲದಲ್ಲಿ ನನ್ನ ಸಹೋದ್ಯೋಗಿಗಳಾಗಿದ್ದ ಶಿಕ್ಷಕ ಮಿತ್ರರೇ, ಹೊಲಮನೆಯ ಕೆಲಸ ಮುಗಿಸಿ ಮಕ್ಕಳ ಕಾರ್ಯಕ್ರಮ ನೋಡಲು ಬಂದಿರುವ ತಂದೆ ತಾಯಂದಿರೇ, ಹಾಗೂ ನನ್ನ ಪ್ರೀತಿಯ ವಿದ್ಯಾರ್ಥಿಗಳೇ, ನಿಮ್ಮೆಲ್ಲರಿಗೂ ನಮಸ್ಕಾರ.

ಹನ್ನೊಂದು ವರ್ಷ ಇದೇ ಶಾಲೆಯಲ್ಲಿ ಕನ್ನಡ ಪಾಠ ಹೇಳಿದ ನನ್ನನ್ನು ವಾರ್ಷಿಕೋತ್ಸವದ ದಿನ ನೆನೆಸಿಕೊಂಡು ಕರೆದಿದ್ದೀರಿ, ಅದಕ್ಕಾಗಿ ಕೃತಜ್ಞನಾಗಿದ್ದೇನೆ. ಈಗಷ್ಟೇ ಒಂಬತ್ತನೆಯ ತರಗತಿಯ ಮಕ್ಕಳು ಏಕಲವ್ಯನ ನಾಟಕವನ್ನು ಆಡಿ ತೋರಿಸಿದರು. ಏಕಲವ್ಯ, ದ್ರೋಣ, ಅರ್ಜುನ ಎಲ್ಲರೂ ಚೆನ್ನಾಗಿಯೇ ಅಭಿನಯಿಸಿದರು. ಆದರೆ ಅತಿ ಹೆಚ್ಚು ಚಪ್ಪಾಳೆ ಬಿದ್ದದ್ದು ನಾಯಿಯ ಪಾತ್ರ ಮಾಡಿದ ಹುಡುಗನಿಗೆ ಎಂಬುದನ್ನು ನಾನು ಗಮನಿಸಿದೆ. ಬಾಯಿಯ ತುಂಬ ರಟ್ಟಿನ ಬಾಣಗಳನ್ನು ಕಚ್ಚಿಕೊಂಡು, ನಗು ಬಂದರೂ ನಗದೆ ವೇದಿಕೆಯನ್ನು ಎರಡು ಸುತ್ತು ಹಾಕಿದ ಆ ಹುಡುಗನ ಏಕಾಗ್ರತೆಯೂ ಕಡಿಮೆಯದಲ್ಲ.

ಈ ನಾಟಕವನ್ನು ಎಲ್ಲಿಯೇ ಆಡಲಿ, ಪ್ರೇಕ್ಷಕರು ಉಸಿರು ಬಿಗಿಹಿಡಿಯುವುದು ಹೆಬ್ಬೆರಳಿನ ದೃಶ್ಯ ಬಂದಾಗ. ಅದು ಸಹಜ. ಆದರೆ ಇವತ್ತು ನಾನು ನಿಮ್ಮನ್ನು ಕರೆದುಕೊಂಡು ಹೋಗಬೇಕೆಂದಿರುವುದು ಆ ದೃಶ್ಯಕ್ಕಿಂತ ಹಿಂದಿನ ದಿನಗಳಿಗೆ. ಯಾವ ಪ್ರೇಕ್ಷಕರೂ ಇಲ್ಲದ ಕಾಡಿಗೆ, ಒಬ್ಬ ಹುಡುಗ, ಒಂದು ಬಿಲ್ಲು ಮತ್ತು ಒಂದು ಮಣ್ಣಿನ ಮೂರ್ತಿ ಮಾತ್ರ ಇದ್ದ ಜಾಗಕ್ಕೆ. ನಾಟಕದಲ್ಲಿ ಒಂದೇ ನಿಮಿಷದಲ್ಲಿ, ಒಂದು ಹಾಡಿನ ಹಿನ್ನೆಲೆಯಲ್ಲಿ ಮುಗಿದುಹೋಗುವ ಭಾಗ ಅದು. ವಿದ್ಯಾರ್ಥಿಗಳಾದ ನಿಮಗೆ ಬೇಕಾದದ್ದೆಲ್ಲ ಇರುವುದು ಆ ಒಂದು ನಿಮಿಷದಲ್ಲಿಯೇ.

ಕಥೆ ನಿಮಗೆ ಗೊತ್ತಿದೆ. ನಿಷಾದರ ಅರಸ ಹಿರಣ್ಯಧನುವಿನ ಮಗ ಏಕಲವ್ಯ ಬಿಲ್ವಿದ್ಯೆ ಕಲಿಯಲು ದ್ರೋಣರ ಬಳಿಗೆ ಬಂದ. ನಿಷಾದನೆಂಬ ಕಾರಣಕ್ಕೆ ದ್ರೋಣರು ಅವನನ್ನು ಶಿಷ್ಯನಾಗಿ ಸ್ವೀಕರಿಸಲಿಲ್ಲ. ಹುಡುಗ ಅವರ ಪಾದಕ್ಕೆ ತಲೆ ಮುಟ್ಟಿಸಿ ಕಾಡಿಗೆ ಹಿಂದಿರುಗಿ, ಮಣ್ಣಿನಲ್ಲಿ ಅವರ ಮೂರ್ತಿಯನ್ನು ಮಾಡಿ, ಅದರ ಮುಂದೆ ಅಭ್ಯಾಸಕ್ಕೆ ನಿಂತ. ಆ ಅಭ್ಯಾಸವನ್ನು ವ್ಯಾಸಭಾರತದ ಆದಿಪರ್ವ ಒಂದೇ ಒಂದು ಶ್ಲೋಕದಲ್ಲಿ ಹೇಳುತ್ತದೆ. ಪರಮ ಶ್ರದ್ಧೆಯಿಂದಲೂ ಪರಮ ಯೋಗದಿಂದಲೂ ಕೂಡಿದ ಅವನು ‘ವಿಮೋಕ್ಷ, ಆದಾನ, ಸಂಧಾನ’ಗಳಲ್ಲಿ ಅತಿಶಯವಾದ ‘ಲಘುತ್ವ’ವನ್ನು ಪಡೆದ ಎಂಬುದು ಅದರ ತಾತ್ಪರ್ಯ. ವಿಮೋಕ್ಷವೆಂದರೆ ಬಾಣ ಬಿಡುವುದು, ಆದಾನವೆಂದರೆ ಬಾಣವನ್ನು ಕೈಗೆ ತೆಗೆದುಕೊಳ್ಳುವುದು, ಸಂಧಾನವೆಂದರೆ ಅದನ್ನು ಹೆದೆಗೆ ಹೂಡುವುದು. ನಾನು ಹಲವು ವರ್ಷ ಈ ಶ್ಲೋಕವನ್ನು ಓದಿಕೊಂಡು ಮುಂದೆ ಹೋಗಿಬಿಡುತ್ತಿದ್ದೆ. ನಿವೃತ್ತಿಯ ನಂತರ, ಗಂಟೆ ಬಾರಿಸುವ ಅವಸರವಿಲ್ಲದ ಒಂದು ಮಧ್ಯಾಹ್ನ ಓದುವಾಗ ನನಗೆ ಹೊಳೆಯಿತು: ಏಕಲವ್ಯ ಎಷ್ಟು ದೂರದ ಗುರಿಯನ್ನು ಹೊಡೆದ, ಎಷ್ಟು ಪ್ರಾಣಿಗಳನ್ನು ಬೇಟೆಯಾಡಿದ ಎಂದು ಕವಿ ಇಲ್ಲಿ ಹೇಳುವುದೇ ಇಲ್ಲ. ಬತ್ತಳಿಕೆಗೆ ಕೈ ಹಾಕುವ, ಹೂಡುವ, ಬಿಡುವ ಮೂರು ಸಣ್ಣ ಕೆಲಸಗಳನ್ನು ಹೇಳಿ, ಅವು ಅವನಿಗೆ ಹಗುರವಾದವು ಎನ್ನುತ್ತಾನೆ.

ಲಘುತ್ವ ಎಂಬ ಪದವನ್ನು ನೀವು ನೆನಪಿನಲ್ಲಿ ಇಟ್ಟುಕೊಳ್ಳಿ ಮಕ್ಕಳೇ. ಏಕಾಗ್ರತೆ ಎಂದ ಕೂಡಲೇ ಹುಬ್ಬು ಗಂಟಿಕ್ಕಿ, ಹಲ್ಲು ಕಚ್ಚಿ, ಪುಸ್ತಕವನ್ನು ದುರುಗುಟ್ಟಿ ನೋಡುವುದು ಎಂದು ನಾವು ತಿಳಿದುಕೊಂಡಿದ್ದೇವೆ. ಹಾಗೆ ಅರ್ಧ ಗಂಟೆ ಕುಳಿತರೆ ತಲೆನೋವು ಬರುತ್ತದೆಯೇ ಹೊರತು ವಿದ್ಯೆ ಬರುವುದಿಲ್ಲ. ಅಮ್ಮ ರೊಟ್ಟಿ ತಟ್ಟುವುದನ್ನು ನೋಡಿ. ನಿಮ್ಮೊಡನೆ ಮಾತನಾಡುತ್ತಲೇ ಇರುತ್ತಾಳೆ, ರೊಟ್ಟಿ ಮಾತ್ರ ಎಲ್ಲಿಯೂ ಹರಿಯದೆ ದುಂಡಗೆ ಬರುತ್ತದೆ. ಮಾಡಿ ಮಾಡಿ ಕೈಗೆ ಬಂದ ಹಗುರ ಅದು. ಅರ್ಜುನನ ವಿಷಯದಲ್ಲಿಯೂ ಇಂಥದೇ ಒಂದು ಪ್ರಸಂಗವಿದೆ. ರಾತ್ರಿ ಊಟ ಮಾಡುತ್ತಿದ್ದಾಗ ಗಾಳಿಗೆ ದೀಪ ಆರಿತು. ಆದರೂ ಅವನ ಕೈ ತಪ್ಪದೆ ಬಾಯಿಗೇ ಹೋಗುತ್ತಿತ್ತು. ರೂಢಿಯಾದ ಕೈಗೆ ಬೆಳಕು ಬೇಡವೆಂದು ಅರ್ಥಮಾಡಿಕೊಂಡ ಅವನು ಅಂದಿನಿಂದ ಕತ್ತಲೆಯಲ್ಲಿಯೂ ಬಾಣ ಪ್ರಯೋಗವನ್ನು ಅಭ್ಯಾಸ ಮಾಡತೊಡಗಿದ. ಮರದ ಮೇಲಿನ ಹಕ್ಕಿಯ ಕಥೆಯನ್ನು ಎಲ್ಲರೂ ಹೇಳುತ್ತಾರೆ. ನನಗೆ ಆ ಕಥೆಗಿಂತ ಈ ಕತ್ತಲೆಯ ಊಟದ ಕಥೆ ಹೆಚ್ಚು ಪ್ರಿಯ, ಏಕೆಂದರೆ ಇದರಲ್ಲಿ ಅರ್ಜುನ ನಮ್ಮ ನಿಮ್ಮಂತೆ ತಟ್ಟೆಯ ಮುಂದೆ ಕುಳಿತ ಹುಡುಗ.

ಇನ್ನು ಆ ಮಣ್ಣಿನ ಮೂರ್ತಿಯ ವಿಚಾರ. ಅದು ಮಾತನಾಡಲಿಲ್ಲ. ಮೊಣಕೈ ಎತ್ತು ಎಂದು ಹೇಳಲಿಲ್ಲ, ಭೇಷ್ ಎಂದು ಬೆನ್ನು ತಟ್ಟಲಿಲ್ಲ, ಕಿವಿ ಹಿಂಡಲಿಲ್ಲ. ಹಾಗಾದರೆ ಏಕಲವ್ಯನ ತಪ್ಪುಗಳನ್ನು ತಿದ್ದಿದವರು ಯಾರು? ಇದು ನನ್ನ ಊಹೆ, ಆದರೆ ಬೇರೆ ಉತ್ತರ ನನಗೆ ಕಾಣುವುದಿಲ್ಲ: ಬಾಣವೇ ತಿದ್ದಿರಬೇಕು. ಬಿಟ್ಟ ಪ್ರತಿಯೊಂದು ಬಾಣ ಎಲ್ಲಿ ಬಿತ್ತು ಎಂದು ಅವನು ಹೋಗಿ ನೋಡಿರಬೇಕು. ಗುರಿಯಿಂದ ಒಂದು ಗೇಣು ಎಡಕ್ಕೆ ಬಿದ್ದಿದ್ದರೆ ‘ಗಾಳಿ ಬೀಸಿತು’ ಎಂದು ತನಗೆ ತಾನೇ ಸಮಾಧಾನ ಹೇಳಿಕೊಳ್ಳದೆ, ಹಿಂದಿರುಗಿ ಬಂದು ಮತ್ತೆ ಹೂಡಿರಬೇಕು. ನೋಡುವವರಿಲ್ಲದ ಕಾಡಿನಲ್ಲಿ ತನ್ನ ತಪ್ಪನ್ನು ತಪ್ಪೆಂದು ಒಪ್ಪಿಕೊಳ್ಳುವುದಕ್ಕೆ ನಾನು ಶ್ರದ್ಧೆ ಎನ್ನುತ್ತೇನೆ. ಮೂರ್ತಿಗೆ ದಿನವೂ ಹೂವಿಟ್ಟು ಕೈಮುಗಿದು, ಬಾಣಗಳನ್ನು ಪೊದೆಯೊಳಗೆ ಬಿಟ್ಟು ಮನೆಗೆ ಹೋಗಿದ್ದರೆ ಅದೂ ಭಕ್ತಿಯಂತೆಯೇ ಕಾಣುತ್ತಿತ್ತು. ಹತ್ತನೆಯ ತರಗತಿಯ ಮಕ್ಕಳು ಪೂರ್ವಸಿದ್ಧತಾ ಪರೀಕ್ಷೆಯ ಉತ್ತರಪತ್ರಿಕೆ ಕೈಗೆ ಬಂದ ತಕ್ಷಣ ಮೇಲಿನ ಅಂಕ ನೋಡಿ ಮಡಚಿ ಚೀಲಕ್ಕೆ ಹಾಕಿಕೊಳ್ಳುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಅಂಕ ತಪ್ಪಿದ ಜಾಗವೇ ಬಾಣ ಬಿದ್ದ ಜಾಗ. ಅಲ್ಲಿಯವರೆಗೆ ನಡೆದುಕೊಂಡು ಹೋಗಿ ನೋಡದವರು ಮರುದಿನ ಮತ್ತೆ ಅದೇ ಗೇಣು ಎಡಕ್ಕೆ ಹೊಡೆಯುತ್ತಾರೆ.

ಇಂದಿನ ಬಿಲ್ಲುಗಾರರ ಕೆಲಸವೂ ಇದಕ್ಕಿಂತ ಬೇರೆಯಾಗಿಲ್ಲ. ಒಲಿಂಪಿಕ್ಸ್‌ನಲ್ಲಿ ಗುರಿಫಲಕ 70 ಮೀಟರ್ ದೂರದಲ್ಲಿರುತ್ತದೆ. ಹತ್ತು ಅಂಕ ಕೊಡುವ ನಡುವಿನ ಹಳದಿ ವೃತ್ತದ ಅಗಲ 12.2 ಸೆಂಟಿಮೀಟರ್, ಎಂದರೆ ಹೆಚ್ಚು ಕಡಿಮೆ ನಿಮ್ಮ ಒಂದು ಅಂಗೈಯಷ್ಟು. ಅರ್ಹತಾ ಸುತ್ತಿನಲ್ಲಿಯೇ ಒಬ್ಬರು 72 ಬಾಣಗಳನ್ನು ಬಿಡಬೇಕು. ಎಪ್ಪತ್ತೆರಡು ಸಲ ಅದೇ ಆದಾನ, ಅದೇ ಸಂಧಾನ, ಅದೇ ವಿಮೋಕ್ಷ. ನಲವತ್ತನೆಯ ಬಾಣ ತಪ್ಪಿತೆಂದು ಕೊರಗುತ್ತ ನಿಂತರೆ ನಲವತ್ತೊಂದನೆಯದೂ ತಪ್ಪುತ್ತದೆ.

ಈಗ ಹೆಬ್ಬೆರಳಿಗೆ ಬರುತ್ತೇನೆ, ಏಕೆಂದರೆ ಅದನ್ನು ಬಿಟ್ಟು ಏಕಲವ್ಯನ ಬಗ್ಗೆ ಮಾತನಾಡುವುದು ಪ್ರಾಮಾಣಿಕತೆಯಲ್ಲ. ಬೊಗಳಿದ ನಾಯಿಯ ಬಾಯಿಗೆ ಏಳು ಬಾಣ ತುಂಬಿದ ಕೈಚಳಕವನ್ನು ಕಂಡು ಅರ್ಜುನ ಕಳವಳಗೊಂಡ. ನನಗಿಂತ ಮೇಲಾದ ಶಿಷ್ಯ ನಿಮಗೆ ಇರುವುದಿಲ್ಲವೆಂದು ಹೇಳಿದ್ದಿರಲ್ಲ ಎಂದು ಗುರುವನ್ನು ಗುಟ್ಟಾಗಿ ಕೇಳಿದ. ದ್ರೋಣರು ಬಂದು ಬಲಗೈಯ ಹೆಬ್ಬೆರಳನ್ನು ದಕ್ಷಿಣೆಯಾಗಿ ಕೇಳಿದರು. ಏಕಲವ್ಯ ಅರಳಿದ ಮುಖದಿಂದಲೇ ಕತ್ತರಿಸಿ ಕೊಟ್ಟ. ಆಗ ಅರ್ಜುನನ ‘ಜ್ವರ’ ಇಳಿಯಿತು ಎಂದು ಕವಿ ಹೇಳುತ್ತಾನೆ. ಹೊಟ್ಟೆಕಿಚ್ಚಿಗೆ ಜ್ವರವೆಂದು ಹೆಸರಿಟ್ಟ ಆ ಕವಿಗೆ ನಾನು ಮನಸ್ಸಿನಲ್ಲಿಯೇ ನಮಸ್ಕರಿಸುತ್ತೇನೆ. ಹಕ್ಕಿಯ ತಲೆಯನ್ನಲ್ಲದೆ ಬೇರೇನನ್ನೂ ಕಾಣದಿದ್ದ ಅದೇ ಅರ್ಜುನನ ಕಣ್ಣು, ಪಕ್ಕದವನ ಬಾಣದ ಮೇಲೆ ಬಿದ್ದ ಕೂಡಲೇ ಸುಡತೊಡಗಿತು. ತರಗತಿಯಲ್ಲಿ ಪಕ್ಕದವರಿಗೆ ಎರಡು ಅಂಕ ಹೆಚ್ಚು ಬಂದಾಗ ಮೈ ಬೆಚ್ಚಗಾಗುವ ಅನುಭವ ನಿಮ್ಮಲ್ಲಿ ಯಾರಿಗೂ ಇಲ್ಲವೆಂದೇ ನಂಬಿ ಮುಂದೆ ಹೋಗುತ್ತೇನೆ.

ಗುರು ಕೇಳಿದರೆ ಬೆರಳನ್ನೂ ಕೊಡಬೇಕು ಎಂಬ ಪಾಠವನ್ನು ಈ ಕಥೆಯಿಂದ ಕಲಿಯಿರಿ ಎಂದು ನಾನು ಹೇಳಲಾರೆ. ಕುವೆಂಪು ಅವರು ಇದೇ ಪ್ರಸಂಗವನ್ನು ನಾಟಕವಾಗಿ ಬರೆದಾಗ ಅದಕ್ಕೆ ‘ಬೆರಳ್‌ಗೆ ಕೊರಳ್’ ಎಂದು ಹೆಸರಿಟ್ಟರು. ಬೆರಳನ್ನು ಕೇಳಿದ್ದಕ್ಕೆ ತೆರಬೇಕಾದ ಬೆಲೆ ಕೊರಳು ಎಂಬ ಎಚ್ಚರ ಆ ಹೆಸರಿನಲ್ಲಿಯೇ ಇದೆ. ಏಕಲವ್ಯ ಕೊಟ್ಟದ್ದು ಅವನ ದೊಡ್ಡತನ, ಕೇಳಿದ್ದು ಅನ್ಯಾಯ. ಇವೆರಡನ್ನೂ ಒಟ್ಟಿಗೆ ಹೇಳದೆ ಒಂದನ್ನೇ ಹೇಳಿದರೆ, ಈ ಸಭೆಯಲ್ಲಿ ಕುಳಿತಿರುವ, ಬಡತನದಿಂದಲೋ ಜಾತಿಯ ಕಾರಣದಿಂದಲೋ ಎಲ್ಲಿಯೋ ಒಂದು ಬಾಗಿಲಲ್ಲಿ ‘ನಿನಗಲ್ಲ’ ಎಂಬ ಮಾತು ಕೇಳಿಸಿಕೊಂಡಿರುವ ಮಗುವಿಗೆ ನಾವು ಸುಳ್ಳು ಹೇಳಿದಂತಾಗುತ್ತದೆ. ಶಿಕ್ಷಕ ಮಿತ್ರರೇ, ಈ ಮಾತಿನ ಹೆಚ್ಚಿನ ಭಾಗ ನಮಗೆ ಸೇರಿದ್ದು.

ನಾಟಕಗಳಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವ ಒಂದು ಸಾಲು ಆ ನಂತರವೂ ಇದೆ. ಹೆಬ್ಬೆರಳು ಹೋದ ಮೇಲೆ ಏಕಲವ್ಯ ಉಳಿದ ಬೆರಳುಗಳಿಂದ ಹೆದೆಯನ್ನು ಎಳೆದ, ಆದರೆ ಮೊದಲಿನ ವೇಗ ಬರಲಿಲ್ಲ ಎಂದು ಮೂಲ ಹೇಳುತ್ತದೆ. ವೇಗ ಹೋಯಿತು, ಬಿಲ್ಲು ಕೈಯಲ್ಲಿ ಉಳಿಯಿತು. ಇಂದಿನ ಒಲಿಂಪಿಕ್ ಬಿಲ್ಲುಗಾರರು ಹೆದೆ ಎಳೆಯುವುದು ತೋರುಬೆರಳು, ನಡುಬೆರಳು, ಉಂಗುರ ಬೆರಳುಗಳಿಂದ, ಹೆಬ್ಬೆರಳಿನಿಂದಲ್ಲ ಎಂಬುದನ್ನು ತಿಳಿದಾಗ ನನಗೆ ಏನೋ ಒಂದು ಬಗೆಯ ಸಂತೋಷವಾಯಿತು.

2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ಜಮ್ಮುವಿನ ಕಿಶ್ತ್ವಾರ್ ಜಿಲ್ಲೆಯ ಶೀತಲ್ ದೇವಿ, ರಾಕೇಶ್ ಕುಮಾರ್ ಅವರ ಜೊತೆಗೂಡಿ ಮಿಶ್ರ ತಂಡ ವಿಭಾಗದಲ್ಲಿ ಕಂಚಿನ ಪದಕ ಗೆದ್ದರು. ಆಗ ಅವರಿಗೆ 17 ವರ್ಷ. ನಿಮ್ಮ ಅಕ್ಕನ ವಯಸ್ಸು. ಹುಟ್ಟಿನಿಂದಲೇ ಅವರಿಗೆ ತೋಳುಗಳಿಲ್ಲ. ಕುರ್ಚಿಯಲ್ಲಿ ಕುಳಿತು ಪಾದದಿಂದ ಬಿಲ್ಲನ್ನು ಹಿಡಿದು, ಭುಜದ ಬಲದಿಂದ ಹೆದೆ ಎಳೆದು ಬಾಣ ಬಿಡುತ್ತಾರೆ. ಆ ಹುಡುಗಿಯ ಛಲವನ್ನು ಎಲ್ಲರೂ ಹೊಗಳುತ್ತಾರೆ; ಹೊಗಳಲೇಬೇಕು. ನಾನು ಮೇಷ್ಟರಾಗಿದ್ದವನಾದ್ದರಿಂದ ನನ್ನ ಗಮನ ಅವರ ತರಬೇತುದಾರರ ಕಡೆಗೂ ಹೋಗುತ್ತದೆ. ಇದ್ದ ಬೆರಳನ್ನು ಕೇಳಿದ ಗುರುವಿನ ಕಥೆ ಓದಿ ಬೆಳೆದ ನಾಡಿನಲ್ಲಿ, ತೋಳೇ ಇಲ್ಲದ ಮಗುವಿಗೆ ಬಿಲ್ಲು ಹಿಡಿಸುವುದು ಹೇಗೆಂದು ಕುಳಿತು ಯೋಚಿಸಿದ ಗುರುಗಳೂ ಇದ್ದಾರೆ.

ನಾಟಕಕ್ಕಾಗಿ ನೀವು ಕೆರೆಯ ಜೇಡಿಮಣ್ಣು ತಂದು ಮಾಡಿದ ದ್ರೋಣರ ಮೂರ್ತಿ ಇನ್ನೂ ಈ ಪರದೆಯ ಪಕ್ಕದಲ್ಲಿಯೇ ಇದೆ. ಎರಡನೆಯ ದೃಶ್ಯದಲ್ಲಿ ಯಾರದೋ ಬಿಲ್ಲು ತಗುಲಿ ಅದರ ಬಲಗಿವಿ ಉದುರಿತು. ನಾನು ಎತ್ತಿಟ್ಟುಕೊಂಡಿದ್ದೇನೆ, ಇಲ್ಲಿದೆ ನೋಡಿ. ನಾಳೆ ಮೈದಾನ ಗುಡಿಸುವಾಗ ಮೂರ್ತಿಯನ್ನು ಎಸೆಯದೆ ಒಂಬತ್ತನೆಯ ತರಗತಿಯ ಕಿಟಕಿಯ ಮೇಲೆ ಇಡಬೇಕೆಂದು ಮುಖ್ಯೋಪಾಧ್ಯಾಯರನ್ನು ಕೇಳಿಕೊಳ್ಳುತ್ತೇನೆ. ಕಿವಿಯನ್ನು ಅಂಟಿಸುವ ಕೆಲಸ ನಾಯಿಯ ಪಾತ್ರ ಮಾಡಿದ ಹುಡುಗನದು. ಬಹುಮಾನ ವಿತರಣೆಗೆ ತಡವಾಗುತ್ತಿದೆ ಎಂದು ದೈಹಿಕ ಶಿಕ್ಷಕರು ಆಗಿನಿಂದ ಕೈಗಡಿಯಾರ ನೋಡಿಕೊಳ್ಳುತ್ತಿದ್ದಾರೆ. ಎಲ್ಲರಿಗೂ ವಂದನೆಗಳು.