ಯುಗಾದಿ ಹಾರೈಕೆ: ಪೊಟ್ಟಣದ ಜೊತೆಗೊಂದು ಪದ್ಯ

ಮಾವಿನೆಲೆ ತೋರಣವು
ಬಾಗಿಲಿಗೆ ಬಂತು,
ಬೇವರಳಿ ಅಂಗಳವು
ಬಿಳಿಯಾಗಿ ನಿಂತು.

ಕೋಗಿಲೆಯ ಕೊರಳಿಗಿದೆ
ಹೊಂಗೆ ಹೊಸ ನೆರಳು,
ರಂಗೋಲಿ ಹಿಟ್ಟಿನಲಿ
ಮುಳುಗಿರಲಿ ಬೆರಳು.

ಎಲೆತೊಟ್ಟು ಮಡಚಿಟ್ಟು
ದಾರಕ್ಕೆ ಸುತ್ತಿ,
ಇಪ್ಪತ್ತು ಮತ್ತೊಂದು
ಸಾಲಿನಲಿ ಒತ್ತಿ.

ಹರಳೆಣ್ಣೆ ಬೆಚ್ಚಗಿದೆ
ನೆತ್ತಿಗದು ತಂಪು,
ಸೀಗೆಯನು ಸುರಿದಾಗ
ಕಣ್ಣೆರಡು ಕೆಂಪು!

ಹೊಸ ಅಂಗಿ ತೊಡುವಾಗ
ಮಕ್ಕಳಿಗೆ ಹಿಗ್ಗು,
ತುದಿಗಿಟ್ಟ ಅರಿಶಿನವು
ಹೊಂಬಣ್ಣ ಮೊಗ್ಗು.

ಚಿಟಿಕೆಯಲಿ ಬೇವಿರಲಿ
ಬೆಲ್ಲ ಹಿಡಿಯಷ್ಟು,
ಬಾಳಿನಲಿ ಕಹಿ ಬರಲಿ
ತುಟಿ ದಾಟುವಷ್ಟು.

ಕಿರಿಯವನು ಬೇವೆಂದು
ಮುಖ ಹಿಂಡಿದಾಗ,
ಬೆಲ್ಲವನು ತೋರಿಸಿರಿ
ನಗೆ ಬರಲಿ ಬೇಗ.

ವರುಷವಿದು ಪರಾಭವ,
ಹೆಸರಿಗೇನಂತೆ?
ಸೋಲುವುದು ನೀವಲ್ಲ,
ಸೋಲುವುದು ಚಿಂತೆ.

ಪಂಚಾಂಗ ಓದುವರು
ಮಳೆಗೆಷ್ಟು ಕೊಳಗ,
ಕಣಜದೊಲು ತುಂಬಿರಲಿ
ನಿಮ್ಮನೆಯ ಬಳಗ.

ಎಲೆಮೇಲೆ ಕೋಸಂಬ್ರಿ
ತುದಿಯಲ್ಲಿ ಉಪ್ಪು,
ಮಾವಿನಾ ಚಿತ್ರಾನ್ನ
ಹಬ್ಬಕ್ಕೆ ಒಪ್ಪು.

ಕಣಕವದು ತೆಳುವಿರಲಿ
ಹೂರಣವು ಹೆಚ್ಚು,
ಹೆಂಚಿನಲಿ ಉಬ್ಬಿದರೆ
ತುಪ್ಪಕೂ ಮೆಚ್ಚು.

ಬಿಸಿಲೇರಿ ಬರುವಾಗ
ಮಜ್ಜಿಗೆಯ ಲೋಟ,
ಬಾಗಿಲಲಿ ನಿಂತವರ
ಕೂರಿಸಿರಿ, ಊಟ.

ಹಬ್ಬದಿನ ಕಾಣದಿರೆ
ಚಂದಿರನ ಕಳೆಯು,
ಮರುಸಂಜೆ ಪಡುವಣದಿ
ಬೆಳ್ಳಿ ನೂಲೆಳೆಯು.

ತಮ್ಮನಿಗೆ ನಾದಿನಿಗೆ
ಮಕ್ಕಳಿಗೆ ಹರಸಿ,
ಕಳಿಸಿರುವೆ ಬೇವುಹೂ
ಬೆಲ್ಲಗಳನಿರಿಸಿ.

ಕಾರ್ಡಿನ ಬೆನ್ನಿಗೆ, ಪೊಟ್ಟಣ ಬಿಚ್ಚೋ ಮೊದಲು ಓದಿಕೊಳ್ಳಿ:

ಕಾಗದದ ಪೊಟ್ಟಣದಲ್ಲಿರೋದು ನೆರಳಲ್ಲಿ ಒಣಗಿಸಿದ ಬೇವಿನ ಹೂ. ಹಸಿರು ತೊಟ್ಟು ಎಲ್ಲಾದರೂ ಉಳಿದಿದ್ದರೆ ಆರಿಸಿ ತೆಗೀರಿ, ಬರೀ ಕಹಿ ಅದು. ಪ್ಲಾಸ್ಟಿಕ್ ಡಬ್ಬಿಗೆ ಸುರಿಯಬೇಡಿ, ತೇವ ಕೂತರೆ ಬೂಷ್ಟು ಹಿಡಿಯುತ್ತೆ. ಅಚ್ಚುಬೆಲ್ಲ ಕಾಲು ಕೆಜಿ ಇದೆ. ನಾಲ್ಕು ಚಮಚ ಬೆಲ್ಲದ ಪುಡಿಗೆ ಒಂದು ಚಮಚ ಹೂ, ಎರಡು ಚಮಚ ಹುರಿಗಡಲೆ. ಹಬ್ಬದ ಬೆಳಿಗ್ಗೆಯೇ ಕುಟ್ಟಿ ಬೆರೆಸಿ. ಹಿಂದಿನ ರಾತ್ರಿ ಬೆರೆಸಿಟ್ಟರೆ ಬೆಲ್ಲ ನೀರೊಡೆದು ಎಲ್ಲ ಮುದ್ದೆಯಾಗುತ್ತೆ. ಹೂ ಸಾಲದೆ ಎಲೆ ಹಾಕೋದಾದರೆ ಕೆಂಪು ಚಿಗುರು ಮಾತ್ರ, ಅದೂ ಕೈಯಲ್ಲಿ ಹರಿದು. ಮಿಕ್ಸಿಗೆ ಹಾಕಿದಿರೋ, ಆಮೇಲೆ ಎಷ್ಟು ಬೆಲ್ಲ ಸುರಿದರೂ ಕಹಿ ಮುಚ್ಚೋದಿಲ್ಲ. ರಸ್ತೆಬದಿಯ ಮರದಿಂದ ಕೀಳುವಾಗ ಹೆಬ್ಬೇವನ್ನೇ ಬೇವು ಅಂದುಕೊಂಡೀರಿ, ಜೋಕೆ! ಬೇವಿನ ಎಲೆ ಕುಡುಗೋಲಿನ ಹಾಗೆ ಬಾಗಿರುತ್ತೆ, ಅಂಚು ಗರಗಸದ ಥರ.

ಹಬ್ಬ 2026ರ ಮಾರ್ಚ್ 19, ಗುರುವಾರ. ಕ್ಯಾಲೆಂಡರಿನಲ್ಲಿ ಅದೇ ದಿನ ಅಮಾವಾಸ್ಯೆ ಅಂತಲೂ ಕಂಡು ಗಲಿಬಿಲಿಯಾಗಬೇಡಿ. ಬೆಳಿಗ್ಗೆ ಏಳರೊಳಗೆ ಅಮಾವಾಸ್ಯೆ ಕಳೆದು ಪಾಡ್ಯ ಬರುತ್ತೆ, ಅದು ಶುಕ್ರವಾರ ಸೂರ್ಯ ಹುಟ್ಟೋ ಮೊದಲೇ ಮುಗಿದುಹೋಗುತ್ತೆ. ಹಾಗಾಗಿ ಗುರುವಾರವೇ. ಬೇವು-ಬೆಲ್ಲ ಏಳರ ಮೇಲೆ ಹಂಚಿ. ತಮ್ಮಾ, ಪೂಜೆಗೆ ಕೂತಾಗ ಸಂಕಲ್ಪದಲ್ಲಿ ಅಭ್ಯಾಸಬಲದಿಂದ ‘ವಿಶ್ವಾವಸು’ ಅಂದುಬಿಡಬೇಡ. ಈಗ ಪರಾಭವ ನಾಮ ಸಂವತ್ಸರ, ಶಾಲಿವಾಹನ ಶಕ 1948.

ಮಾವಿನೆಲೆ ಬುಧವಾರವೇ ತಂದರೆ ಒದ್ದೆ ಬಟ್ಟೆಯಲ್ಲಿ ಸುತ್ತಿಡಿ, ಇಲ್ಲದಿದ್ದರೆ ಕಟ್ಟುವ ಹೊತ್ತಿಗೆ ಸುರುಟಿರುತ್ತೆ. ಸ್ಟೇಪ್ಲರ್ ಹೊಡೆದ ತೋರಣ ಒಣಗಿದಾಗ ಸೀಳಿ ಬೀಳುತ್ತೆ. ತೊಟ್ಟಿನ ಕಡೆ ದಾರದ ಮೇಲೆ ಮಡಚಿ ತೆಂಗಿನ ಕಡ್ಡಿ ಚುಚ್ಚಿ.

ಹೋಳಿಗೆ ವಿಷಯ ನಾದಿನಿಗೆ ನಾನು ಹೇಳಬೇಕಾಗಿಲ್ಲ. ಆದರೂ ಒಂದು ಮಾತು: ಬೇಳೆ ಬೆರಳಲ್ಲಿ ಒತ್ತಿದರೆ ಅಪ್ಪಚ್ಚಿ ಆಗಬೇಕು, ಕರಗಿರಬಾರದು. ನೀರು ಪೂರ್ತಿ ಬಸಿದ ಮೇಲೇ ಬೆಲ್ಲ. ನೀರು ನಿಂತ ಹೂರಣ ಲಟ್ಟಿಸುವಾಗಲೇ ಕಣಕ ಒಡೆದು ಹೊರಗೆ ಬರುತ್ತೆ, ಹೆಂಚಿಗೆ ಹತ್ತಿ ಕರಟುತ್ತೆ. ಕಣಕ ಎಣ್ಣೆಯಲ್ಲಿ ಎರಡು ಗಂಟೆಯಾದರೂ ನೆನೆಯಲಿ. ಬಸಿದ ಕಟ್ಟು ಚೆಲ್ಲಬೇಡಿ, ಅದರಲ್ಲೇ ಸಾರು.

ಗುರುವಾರ ಸಂಜೆ ಚಂದ್ರನನ್ನು ಹುಡುಕಿ ಕತ್ತು ನೋಯಿಸಿಕೊಳ್ಳೋದು ಬೇಡ. ಅಮಾವಾಸ್ಯೆ ಕಳೆದು ಹನ್ನೆರಡು ಗಂಟೆಯೂ ಆಗಿರೋದಿಲ್ಲ, ಕಾಣೋದಿಲ್ಲ. ಶುಕ್ರವಾರ ಸಂಜೆ ಏಳರ ಹೊತ್ತಿಗೆ ಮಕ್ಕಳನ್ನು ಟೆರೇಸಿಗೆ ಕರೆದುಕೊಂಡು ಹೋಗಿ, ಪಶ್ಚಿಮಕ್ಕೆ ತಗ್ಗಿನಲ್ಲಿ ನೋಡಿ. ತಡ ಮಾಡಿದರೆ ಎದುರಿನ ಅಪಾರ್ಟ್‌ಮೆಂಟ್ ಹಿಂದೆ ಇಳಿದುಬಿಡುತ್ತೆ. ನೋಡಿದ ಮೇಲೆ ಫೋನ್ ಮಾಡಿ, ಮಕ್ಕಳು ನಮಸ್ಕಾರ ಹೇಳಲಿ.

ಇಂತಿ,
ಅಕ್ಕ, ಭಾವ