ಸ್ಟಾಫ್ ನರ್ಸ್ ಹುದ್ದೆ: ನೇಮಕಾತಿ ಪತ್ರ ಮತ್ತು ಕೆಲಸದ ಷರತ್ತುಗಳು

ಶಿವಮೊಗ್ಗ
14 ಮೇ 2025

ಪ್ರಿಯ ಸವಿತಾ ಅವರಿಗೆ,

ಕಳೆದ ಶುಕ್ರವಾರ ನೀವು ಇಂಟರ್‌ವ್ಯೂ ಮುಗಿಸಿ ಹೋದ ಮೇಲೆ ನಾವು ಮೂವರೂ ಜಾಸ್ತಿ ಮಾತಾಡಲಿಲ್ಲ. 500 ಎಂಎಲ್ ಸಲೈನ್ ನಾಲ್ಕು ಗಂಟೆಯಲ್ಲಿ ಹೋಗಬೇಕು, 20 ಹನಿಯ ಸೆಟ್ಟು, ನಿಮಿಷಕ್ಕೆ ಎಷ್ಟು ಹನಿ ಎಂದು ಕೇಳಿದಾಗ ನೀವು ಪೆನ್ನು ಮುಟ್ಟದೆ 42 ಎಂದಿರಿ. ಆಮೇಲೆ, "ಆದ್ರೂ ಪೇಷಂಟ್‌ಗೆ ವಯಸ್ಸೆಷ್ಟು, ಹಾರ್ಟ್ ತೊಂದರೆ ಇದೆಯಾ ನೋಡ್ಕೊಂಡೇ ಬಿಡ್ತೀನಿ ಮೇಡಂ" ಎಂದಿರಿ. ಲೆಕ್ಕ ಯಾರು ಬೇಕಾದರೂ ಹೇಳುತ್ತಾರೆ, ನನಗೆ ಹಿಡಿಸಿದ್ದು ಆ ಎರಡನೇ ಮಾತು.

ನಮ್ಮ ಆಸ್ಪತ್ರೆಯಲ್ಲಿ ನಿಮಗೆ ಸ್ಟಾಫ್ ನರ್ಸ್ ಕೆಲಸ ಕೊಡುತ್ತಿದ್ದೇವೆ. ಸೇರುವ ದಿನ 2 ಜೂನ್ 2025, ಸೋಮವಾರ. ಎರಡನೇ ಮಹಡಿಯ ಸರ್ಜಿಕಲ್ ವಾರ್ಡ್, 24 ಹಾಸಿಗೆ. ಕೆಳಗಿರುವುದೆಲ್ಲ ಷರತ್ತುಗಳು. ದಯವಿಟ್ಟು ಪೂರ್ತಿ ಓದಿ, ಮನೆಯವರಿಗೂ ಓದಿಸಿ. ಸೇರಿದ ಮೇಲೆ "ಇದು ನನಗೆ ಹೇಳಿರಲಿಲ್ಲ" ಎಂದು ಯಾರೂ ಹೇಳಬಾರದು ಎಂದೇ ಇಷ್ಟು ಉದ್ದ ಬರೆದಿದ್ದೇನೆ.

ಸಂಬಳ

ಬೇಸಿಕ್ ಮತ್ತು ಡಿಎ ಸೇರಿ 15,000 ರೂಪಾಯಿ, ಮನೆ ಬಾಡಿಗೆ ಭತ್ಯೆ 5,000. ಒಟ್ಟು ತಿಂಗಳಿಗೆ 20,000. ಇದರಲ್ಲಿ ನಿಮ್ಮ ಪಾಲಿನ ಪಿಎಫ್ ಶೇ 12, ಅಂದರೆ 1,800 ಕಡಿತ. ಇಎಸ್‌ಐ ಶೇ 0.75, ಅಂದರೆ 150 ಕಡಿತ. ವೃತ್ತಿ ತೆರಿಗೆ ಈ ಸಂಬಳಕ್ಕೆ ಬರುವುದಿಲ್ಲ. ಕೈಗೆ ಸಿಗುವುದು 18,050.

ಆಸ್ಪತ್ರೆಯೂ ನಿಮ್ಮ ಹೆಸರಿಗೆ ಪಿಎಫ್ 1,800 ಮತ್ತು ಇಎಸ್‌ಐ 650 ಕಟ್ಟುತ್ತದೆ. ಅದನ್ನೂ ಕೂಡಿಸಿ "ನಿಮ್ಮ ಸಂಬಳ 22,450" ಎಂದು ದೊಡ್ಡದಾಗಿ ಹೇಳುವ ರೂಢಿ ಕೆಲವು ಕಡೆ ಇದೆ. ಆ ದುಡ್ಡು ನಿಮ್ಮ ಜೇಬಿಗೆ ಬರುವುದಿಲ್ಲ, ಹಾಗಾಗಿ ನಾನು ಆ ಲೆಕ್ಕ ಹೇಳುವುದಿಲ್ಲ. ಆಸ್ಪತ್ರೆ ಕಟ್ಟುವ 1,800ರಲ್ಲಿ ಸುಮಾರು 1,250 ಪಿಂಚಣಿ ಖಾತೆಗೆ ಹೋಗುತ್ತದೆ, ಉಳಿದದ್ದು ನಿಮ್ಮ ಪಿಎಫ್‌ಗೆ. ಹಿಂದೆ ಎಲ್ಲಾದರೂ ಕೆಲಸ ಮಾಡಿ ಯುಎಎನ್ ನಂಬರ್ ಆಗಿದ್ದರೆ ಅದನ್ನೇ ಕೊಡಿ, ಹೊಸದು ಮಾಡಿಸಬೇಡಿ. ಎರಡೆರಡು ನಂಬರ್ ಆದರೆ ಮುಂದೆ ಹಣ ತೆಗೆಯುವಾಗ ಓಡಾಟ ತಪ್ಪುವುದಿಲ್ಲ.

ನೈಟ್ ಡ್ಯೂಟಿಗೆ ಒಂದು ರಾತ್ರಿಗೆ 200 ರೂಪಾಯಿ ಬೇರೆ. ಸಂಬಳ ಪ್ರತಿ ತಿಂಗಳ 7ರೊಳಗೆ ಬ್ಯಾಂಕ್ ಖಾತೆಗೆ ಬರುತ್ತದೆ, ಪೇ ಸ್ಲಿಪ್ ಕೂಡ ಕೊಡುತ್ತೇವೆ. ಸ್ಲಿಪ್‌ನಲ್ಲಿ ಏನಾದರೂ ತಪ್ಪು ಕಂಡರೆ ಸ್ನೇಹಿತೆಯರ ಹತ್ತಿರ ಮಾತ್ರ ಹೇಳಿ ಸುಮ್ನೆ ಇರಬೇಡಿ, ಅಕೌಂಟ್ಸ್‌ಗೆ ಬಂದು ಕೇಳಿ. ವರ್ಷಕ್ಕೊಮ್ಮೆ, ಏಪ್ರಿಲ್‌ನಲ್ಲಿ ಸಂಬಳ ಪರಿಶೀಲನೆ ಇರುತ್ತದೆ. ಐದು ವರ್ಷ ಪೂರೈಸಿದವರಿಗೆ ಕಾಯ್ದೆ ಪ್ರಕಾರ ಗ್ರಾಚ್ಯುಟಿ ಇದೆ. ಬೇಸಿಕ್ ಈಗಿನ 15,000ದಲ್ಲೇ ನಿಂತರೂ ಐದು ವರ್ಷಕ್ಕೆ ಸುಮಾರು 43,000 ಆಗುತ್ತದೆ.

ಮಾರ್ಕ್ಸ್ ಕಾರ್ಡ್, ಬಾಂಡ್

ಬಾಂಡ್ ಇಲ್ಲ, ಡೆಪಾಸಿಟ್ ಇಲ್ಲ. ಒರಿಜಿನಲ್ ಸರ್ಟಿಫಿಕೇಟ್‌ಗಳನ್ನು ಸೇರುವ ದಿನ ನೋಡಿ, ಜೆರಾಕ್ಸ್ ಇಟ್ಟುಕೊಂಡು, ನಿಮ್ಮೆದುರೇ ವಾಪಸ್ ಕೊಡುತ್ತೇವೆ.

ಇದನ್ನು ಒತ್ತಿ ಬರೆಯಲು ಕಾರಣ ಇದೆ. ನಾನು ಮೊದಲು ಕೆಲಸಕ್ಕೆ ಸೇರಿದ ಕಡೆ ನನ್ನ ಜಿಎನ್‌ಎಂ ಮಾರ್ಕ್ಸ್ ಕಾರ್ಡ್‌ಗಳನ್ನೆಲ್ಲ ಒಂದು ಕಂದು ಕವರಿಗೆ ಹಾಕಿ ಬೀರುವಿನಲ್ಲಿಟ್ಟರು. ಎರಡು ವರ್ಷ ಆಗುವ ಮೊದಲು ಕೇಳಿದರೆ ದುಡ್ಡು ಕಟ್ಟಿ ಎಂದರು. ಸರ್ಕಾರಿ ಕೆಲಸಕ್ಕೆ ಅರ್ಜಿ ಕರೆದಾಗ ದಾಖಲೆ ಪರಿಶೀಲನೆಗೆ ಒರಿಜಿನಲ್ ಬೇಕಿತ್ತು, ಅಪ್ಪ ಅಡಿಕೆ ಮಂಡಿಯಲ್ಲಿ ಸಾಲ ತಂದು ಬಿಡಿಸಿಕೊಂಡು ಬರುವಷ್ಟರಲ್ಲಿ ದಿನ ಮುಗಿದಿತ್ತು. ನಾನು ಸೂಪರಿಂಟೆಂಡೆಂಟ್ ಆಗಿರುವ ಕಡೆ ಅಂಥ ಬೀರು ಇರುವುದಿಲ್ಲ.

ಸೇರುವಾಗ ತರಬೇಕಾದದ್ದು: ಕೋರ್ಸಿನ ಮಾರ್ಕ್ಸ್ ಕಾರ್ಡ್‌ಗಳು, ಕರ್ನಾಟಕ ರಾಜ್ಯ ನರ್ಸಿಂಗ್ ಪರಿಷತ್ತಿನ ನೋಂದಣಿ ಪತ್ರ, ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್, ನಾಲ್ಕು ಫೋಟೋ. ಪರಿಷತ್ತಿನ ನೋಂದಣಿ ಚಾಲ್ತಿಯಲ್ಲಿರಬೇಕು. ಅದಿಲ್ಲದೆ ಒಂದು ಇಂಜೆಕ್ಷನ್ ಕೂಡ ಮುಟ್ಟಲು ಬಿಡುವುದಿಲ್ಲ, ಇದರಲ್ಲಿ ರಿಯಾಯಿತಿ ಕೇಳಬೇಡಿ.

ಡ್ಯೂಟಿ

ಮಾರ್ನಿಂಗ್ 8ರಿಂದ 2, ಈವ್ನಿಂಗ್ 2ರಿಂದ 8, ನೈಟ್ ರಾತ್ರಿ 8ರಿಂದ ಬೆಳಿಗ್ಗೆ 8. ತಿಂಗಳಿಗೆ ಒಂದು ಸಲ ನೈಟ್ ಬರುತ್ತದೆ, ಸತತ ನಾಲ್ಕು ರಾತ್ರಿ, ಆಮೇಲೆ ಎರಡು ದಿನ ಆಫ್. ಉಳಿದ ವಾರಗಳಲ್ಲಿ ಒಂದು ದಿನ ಆಫ್. ನಮ್ಮ ವಾರ್ಡಿನಲ್ಲಿ ಬೆಳಿಗ್ಗೆ ನಾಲ್ಕು ಜನ, ಸಂಜೆ ಮೂವರು, ರಾತ್ರಿ ಇಬ್ಬರು ಇರುತ್ತಾರೆ. ರಾತ್ರಿ ಇಬ್ಬರಿಗೆ 24 ಹಾಸಿಗೆ ಎಂದರೆ ಸುಲಭ ಅಲ್ಲ. ಆಪರೇಷನ್ ಜಾಸ್ತಿ ಇರುವ ಮಂಗಳವಾರ, ಗುರುವಾರ ರಾತ್ರಿ ಕಾಲು ನಿಲ್ಲುವುದಿಲ್ಲ. ಮೊದಲೇ ಹೇಳುತ್ತಿದ್ದೇನೆ.

ಹ್ಯಾಂಡೋವರ್ ಹಾಸಿಗೆ ಹತ್ತಿರವೇ ನಿಂತು ಕೊಡಬೇಕು. ಸ್ಟೇಷನ್‌ನಲ್ಲಿ ಕೂತು ಕೇಸ್ ಶೀಟ್ ನೋಡಿ ಓದಿ ಹೇಳುವುದು ನಡೆಯುವುದಿಲ್ಲ. ಪ್ರತಿಯೊಬ್ಬರ ಕ್ಯಾನುಲಾ ಜಾಗ ಕೆಂಪಾಗಿದೆಯಾ, ಡ್ರೈನ್‌ನಲ್ಲಿ ಎಷ್ಟು ಬಂದಿದೆ, ಯೂರಿನ್ ಬ್ಯಾಗ್ ಎಷ್ಟು ತುಂಬಿದೆ, ಡ್ರೆಸ್ಸಿಂಗ್ ಒದ್ದೆಯಾಗಿದೆಯಾ, ಇಬ್ಬರೂ ಕಣ್ಣಾರೆ ನೋಡಿ ಸಹಿ ಹಾಕಬೇಕು. ಇದಕ್ಕೆ ಅರ್ಧ ಗಂಟೆ ಜಾಸ್ತಿ ಹಿಡಿಯುತ್ತದೆ, ಅದಕ್ಕೆ ಬೇರೆ ದುಡ್ಡಿಲ್ಲ. ಅರ್ಧ ಗಂಟೆ ಮೀರಿದರೆ ಓವರ್‌ಟೈಮ್ ಬರೆಯಿರಿ, ದುಪ್ಪಟ್ಟು ದರದಲ್ಲಿ ಕೊಡುತ್ತೇವೆ. ನೈಟ್ ಮುಗಿಸಿದವರನ್ನು ಅದೇ ಬೆಳಿಗ್ಗೆ ಡ್ಯೂಟಿಗೆ ನಿಲ್ಲಿಸುವುದಿಲ್ಲ. ಯಾರೋ ಬರಲಿಲ್ಲ ಎಂದು ಇನ್‌ಚಾರ್ಜ್ ಒತ್ತಾಯ ಮಾಡಿದರೆ ನನಗೆ ಫೋನ್ ಮಾಡಿ, ಬೆಳಿಗ್ಗೆ ಎಷ್ಟೊತ್ತಿಗಾದರೂ ಸರಿ.

ಔಷಧಿ ವಿಷಯದಲ್ಲಿ ಮೂರು ಮಾತು. ಇನ್ಸುಲಿನ್, ಹೆಪಾರಿನ್, ಪೊಟ್ಯಾಶಿಯಂ ಕ್ಲೋರೈಡ್ ಈ ಮೂರನ್ನು ಇಬ್ಬರು ಸ್ಟಾಫ್ ಓದಿ ನೋಡದೆ ಕೊಡಬಾರದು. ಡಾಕ್ಟರ್ ಫೋನಿನಲ್ಲಿ ಆರ್ಡರ್ ಹೇಳಿದರೆ ಬರೆದುಕೊಂಡು, ವಾಪಸ್ ಓದಿ ಹೇಳಿ, "ಸರಿ" ಎಂದು ಅವರ ಬಾಯಿಂದ ಬಂದ ಮೇಲೆ ಕೊಡಬೇಕು. ಅಕ್ಷರ ಅರ್ಥವಾಗದಿದ್ದರೆ ಊಹೆ ಮಾಡದೆ ಕೇಳಬೇಕು, ಡಾಕ್ಟರ್ ಸಿಡುಕಿದರೂ ಕೇಳಬೇಕು. ಹಾಗೆ ಕೇಳಿದ್ದಕ್ಕೆ ಯಾರಾದರೂ ಬೈದರೆ ಅದು ನನ್ನ ತಲೆನೋವು, ನಿಮ್ಮದಲ್ಲ. ತಪ್ಪಾದರೆ ತಕ್ಷಣ ಹೇಳಿ. ತಪ್ಪು ಹೇಳಿಕೊಂಡವರ ಸಂಬಳ ಇಲ್ಲಿ ಕಡಿತ ಮಾಡುವುದಿಲ್ಲ. ಮುಚ್ಚಿಟ್ಟು ಕೇಸ್ ಶೀಟ್ ತಿದ್ದಿದರೆ ಮಾತ್ರ ಕೆಲಸ ಹೋಗುತ್ತದೆ.

ಸೂಜಿ ಚುಚ್ಚಿದರೆ

ಹೆಪಟೈಟಿಸ್ ಬಿ ಲಸಿಕೆ ಮೂರು ಡೋಸ್ ಆಗಿಲ್ಲದಿದ್ದರೆ ನಾವೇ ಹಾಕಿಸುತ್ತೇವೆ: ಮೊದಲ ದಿನ, ಒಂದು ತಿಂಗಳಿಗೆ, ಆರು ತಿಂಗಳಿಗೆ. ಬಳಸಿದ ಸೂಜಿಗೆ ಕ್ಯಾಪ್ ಹಾಕಬೇಡಿ, ನೇರ ಬಿಳಿ ಡಬ್ಬಕ್ಕೆ. ಚುಚ್ಚಿದರೆ ಸೋಪು ನೀರಿನಲ್ಲಿ ತೊಳೆಯಿರಿ, ಹಿಂಡಬೇಡಿ, ಬಾಯಿಗಂತೂ ಇಡಲೇಬೇಡಿ. ಕೂಡಲೇ ಇನ್‌ಚಾರ್ಜ್‌ಗೆ ಹೇಳಿ. ಎಚ್‌ಐವಿ ತಡೆ ಮಾತ್ರೆ ಬೇಕಾದರೆ ಎರಡು ಗಂಟೆಯೊಳಗೆ ಶುರು ಮಾಡಿದರೆ ಒಳ್ಳೆಯದು, 72 ಗಂಟೆ ದಾಟಿದರೆ ಉಪಯೋಗವಿಲ್ಲ. ಪರೀಕ್ಷೆ, ಮಾತ್ರೆ ಎಲ್ಲ ಖರ್ಚು ಆಸ್ಪತ್ರೆಯದು. "ಡ್ಯೂಟಿ ಮುಗಿಸಿ ಹೇಳೋಣ" ಎಂದು ಕೈಗೆ ಗ್ಲೌಸ್ ಹಾಕಿಕೊಂಡು ಓಡಾಡುವವರನ್ನು ನೋಡಿದ್ದೇನೆ. ಹಾಗೆ ಮಾಡಬೇಡಿ.

ರಜೆ

ಕ್ಯಾಶುಯಲ್ ರಜೆ 12, ಕಾಯಿಲೆ ರಜೆ 8, ಗಳಿಕೆ ರಜೆ 15. ಹಬ್ಬ ಮತ್ತು ರಾಷ್ಟ್ರೀಯ ರಜೆ 10. ಆಸ್ಪತ್ರೆಗೆ ಬಾಗಿಲು ಹಾಕಲು ಆಗುವುದಿಲ್ಲ, ಹಾಗಾಗಿ ಆ ದಿನ ಕೆಲಸ ಮಾಡಿದವರಿಗೆ ಬದಲಿ ರಜೆ. ಯುಗಾದಿ, ದೀಪಾವಳಿ ಎರಡಕ್ಕೂ ಊರಿಗೆ ಹೋಗುವ ಆಸೆ ಬಿಡಿ, ಒಂದಕ್ಕೆ ಖಂಡಿತ ಕೊಡುತ್ತೇನೆ. ಕಾಯಿಲೆ ಉದ್ದಕ್ಕೆ ಹೋದರೆ ಇಎಸ್‌ಐ ಸರ್ಟಿಫಿಕೇಟ್ ಮೇಲೆ ವೇತನದ ಶೇ 70, ವರ್ಷಕ್ಕೆ 91 ದಿನದವರೆಗೆ ಇಎಸ್‌ಐ ಕೊಡುತ್ತದೆ. ಹೆರಿಗೆ ರಜೆ 26 ವಾರ, ಅರ್ಹತೆಯ ದಿನಗಳು ತುಂಬಿದ್ದರೆ ಆ ದುಡ್ಡೂ ಇಎಸ್‌ಐನಿಂದಲೇ ಬರುತ್ತದೆ. ಗರ್ಭಿಣಿ ಎಂದು ತಿಳಿಸಿದ ದಿನದಿಂದ ಎಕ್ಸ್‌ರೇ ಹತ್ತಿರದ ಡ್ಯೂಟಿ ಹಾಕುವುದಿಲ್ಲ.

ನಡವಳಿಕೆ, ರಕ್ಷಣೆ

ಎರಡು ಜೊತೆ ಯೂನಿಫಾರ್ಮ್ ನಾವು ಕೊಡುತ್ತೇವೆ. ಮೊಣಕೈ ಕೆಳಗೆ ಬಳೆ, ಉಂಗುರ, ವಾಚು ಯಾವುದೂ ಇರಬಾರದು, ಉಗುರು ಚಿಕ್ಕದಾಗಿರಬೇಕು. ವಾಚನ್ನು ಎದೆಗೆ ಪಿನ್ ಮಾಡಿಕೊಳ್ಳಿ. ವಾರ್ಡಿನಲ್ಲಿ ಫೋಟೋ, ರೀಲ್ಸ್ ಬೇಡ. ಪೇಷಂಟ್ ವಿಷಯ ಹೊರಗೆ ಹೋಗಬಾರದು, ಅವರು ನಿಮ್ಮ ಊರಿನವರೇ ಆದರೂ. ಡಿಸ್ಚಾರ್ಜ್ ದಿನ ಪ್ರೀತಿಯಿಂದ ಸ್ವೀಟ್ ಕೊಟ್ಟರೆ ಎಲ್ಲರೂ ಹಂಚಿಕೊಂಡು ತಿನ್ನಿ, ದುಡ್ಡು ಮಾತ್ರ ಮುಟ್ಟಬೇಡಿ.

ಪೇಷಂಟ್ ಕಡೆಯವರು ಕೂಗಾಡುತ್ತಾರೆ, ಕೆಲವೊಮ್ಮೆ ಕೈ ಎತ್ತುತ್ತಾರೆ. ಒಬ್ಬರೇ ಎದುರು ನಿಲ್ಲಬೇಡಿ, ಸೆಕ್ಯೂರಿಟಿ ಕರೆಯಿರಿ. ವೈದ್ಯಕೀಯ ಸಿಬ್ಬಂದಿ ಮೇಲಿನ ಹಲ್ಲೆ ತಡೆಯಲು ನಮ್ಮ ರಾಜ್ಯದಲ್ಲಿ 2009ರ ಕಾಯ್ದೆ ಇದೆ, ನರ್ಸ್‌ಗಳಿಗೂ ಅನ್ವಯಿಸುತ್ತದೆ. ದೂರು ಆಸ್ಪತ್ರೆಯೇ ಕೊಡುತ್ತದೆ, ನೀವು ಸ್ಟೇಷನ್ನಿಗೆ ಒಬ್ಬರೇ ಅಲೆಯಬೇಕಿಲ್ಲ. ಲೈಂಗಿಕ ಕಿರುಕುಳದ ದೂರಿಗೆ 2013ರ ಕಾಯ್ದೆ ಪ್ರಕಾರ ಆಂತರಿಕ ಸಮಿತಿ ಇದೆ. ಸದಸ್ಯರ ಹೆಸರು, ಫೋನ್ ನಂಬರ್ ಡ್ಯೂಟಿ ರೂಮಿನ ಬಾಗಿಲ ಹಿಂದೆ ಅಂಟಿಸಿದ್ದೇವೆ. ಡಾಕ್ಟರ್ ಆಗಲಿ, ಮ್ಯಾನೇಜ್‌ಮೆಂಟಿನವರಾಗಲಿ, ಯಾರ ಮೇಲಾದರೂ ಕೊಡಬಹುದು. ಘಟನೆ ನಡೆದ ಮೂರು ತಿಂಗಳೊಳಗೆ ಬರೆದು ಕೊಡಿ.

ಹಾಸ್ಟೆಲ್ ಬೇಕಿದ್ದರೆ ಮೂವರಿಗೊಂದು ರೂಮು, ತಿಂಗಳಿಗೆ 1,500. ಬೇಡ ಎಂದರೆ ಬೇಡ, ಕಡ್ಡಾಯವಲ್ಲ. ನೈಟ್ ಡ್ಯೂಟಿಯವರಿಗೆ ಊಟ ಮತ್ತು ಬೆಳಗಿನ ಕಾಫಿ ಉಚಿತ. ಕಾಫಿ ಚೆನ್ನಾಗಿರುತ್ತದೆ ಎಂದು ಮಾತ್ರ ಭರವಸೆ ಕೊಡಲಾರೆ.

ಪ್ರೊಬೇಷನ್, ಬಿಡುವುದು

ಆರು ತಿಂಗಳು ಪ್ರೊಬೇಷನ್, 1 ಡಿಸೆಂಬರ್ 2025ಕ್ಕೆ ಮುಗಿಯುತ್ತದೆ. ಮುಂದುವರಿಸಬೇಕಾದರೆ ಕಾರಣ ಬರೆದು ಕೊಡುತ್ತೇವೆ, ಅದೂ ಮೂರೇ ತಿಂಗಳು. ಮೊದಲ ಎರಡು ವಾರ ಹಿರಿಯ ಸಿಸ್ಟರ್ ಜೊತೆಗೇ ಡ್ಯೂಟಿ, ಒಬ್ಬರನ್ನೇ ಬಿಡುವುದಿಲ್ಲ. ಪ್ರೊಬೇಷನ್‌ನಲ್ಲಿ ಎರಡೂ ಕಡೆಯಿಂದ 7 ದಿನದ ನೋಟಿಸ್, ಕಾಯಂ ಆದ ಮೇಲೆ 30 ದಿನ.

ಎರಡು ವರ್ಷ ಅನುಭವ ಆಗುತ್ತಿದ್ದಂತೆ ಅರ್ಧ ಜನ ಗಲ್ಫ್ ಎನ್ನುತ್ತಾರೆ, ಇನ್ನರ್ಧ ಸರ್ಕಾರಿ ನೇಮಕಾತಿ ಕಾಯುತ್ತಾರೆ. ನೀವೂ ಹೋಗಬಹುದು, ಅದಕ್ಕೆ ಬೇಸರ ಇಲ್ಲ. ಹೇಳದೆ ಕೇಳದೆ ಫೋನ್ ಸ್ವಿಚ್ ಆಫ್ ಮಾಡಿ ಹೋಗಬೇಡಿ, ಅಷ್ಟೇ. ನೋಟಿಸ್ ಕೊಟ್ಟು ಹೋದರೆ ಅನುಭವ ಪತ್ರ ಮತ್ತು ರಿಲೀವಿಂಗ್ ಲೆಟರ್ ಕೊನೆಯ ದಿನದಿಂದ ಒಂದು ವಾರದೊಳಗೆ ಕೈಗೆ ಕೊಡುತ್ತೇನೆ.

ಒಪ್ಪಿಗೆ ಇದ್ದರೆ 24 ಮೇ ಶನಿವಾರ ಸಂಜೆ 5ರೊಳಗೆ ಈ ಪತ್ರದ ಇನ್ನೊಂದು ಪ್ರತಿಯ ಮೇಲೆ "ಎಲ್ಲ ಓದಿದ್ದೇನೆ, ಒಪ್ಪಿದ್ದೇನೆ" ಎಂದು ನಿಮ್ಮ ಕೈಯಲ್ಲೇ ಬರೆದು ಸಹಿ ಮಾಡಿ ಕಳಿಸಿ. ಯಾವುದಾದರೂ ಷರತ್ತು ಸರಿ ಅನ್ನಿಸದಿದ್ದರೆ ಸಹಿ ಮಾಡುವ ಮೊದಲೇ ಫೋನ್ ಮಾಡಿ, ಮಧ್ಯಾಹ್ನ 3ರ ಮೇಲೆ ನಾನು ಸಿಗುತ್ತೇನೆ. ಸೇರುವ ದಿನ ತೀರ್ಥಹಳ್ಳಿಯಿಂದ ಮೊದಲ ಬಸ್ಸು ಹತ್ತಿ ಬರುವುದು ಕಷ್ಟ ಆದರೆ ಭಾನುವಾರವೇ ಬಂದು ಹಾಸ್ಟೆಲಿನಲ್ಲಿ ಉಳಿಯಿರಿ, ಆ ರಾತ್ರಿಗೆ ಬಾಡಿಗೆ ಇಲ್ಲ. ಸೋಮವಾರ 7:30ಕ್ಕೆ ನರ್ಸಿಂಗ್ ಆಫೀಸ್ ಹತ್ತಿರ ಇರಿ. ಕಾಲಿಗೆ ಮೆತ್ತಗಿನ, ಹಿಂದೆ ಮುಚ್ಚಿದ ಶೂ ಹಾಕಿಕೊಂಡು ಬನ್ನಿ.

ನಿಮ್ಮ,
ನರ್ಸಿಂಗ್ ಸೂಪರಿಂಟೆಂಡೆಂಟ್
(ಆಡಳಿತ ಮಂಡಳಿಯ ಪರವಾಗಿ)