ಹಸುವಿನ ಕಿವಿಗೆ ಓಲೆ ಹಾಕಿಸೋಣ: ಸಂಘದ ಸದಸ್ಯರಲ್ಲಿ ಒಂದು ಮಾತು

ಯಜಮಾನರೇ, ಅಕ್ಕಂದಿರೇ, ಹಾಲು ಹಾಕಿ ಆಯ್ತಲ್ವಾ? ಕ್ಯಾನು ಪಕ್ಕಕ್ಕಿಟ್ಟು ಹತ್ತು ನಿಮಿಷ ಕೂತುಕೊಳ್ಳಿ. ಹಸುಗಳ ವಿಮೆ ಬಗ್ಗೆ ಮಾತಾಡೋದಿದೆ.

ಮೊದಲು ನನ್ನ ಮನೆಯದ್ದೇ ಹೇಳುತ್ತೇನೆ. ಮುಂಗಾರಿಗೆ ಮುಂಚೆ ಒಂದು ಸಂಜೆ ಗುಡುಗು ಶುರುವಾಯಿತು. ಹುಣಸೆ ಮರದ ಕೆಳಗೆ ಕಟ್ಟಿದ್ದ ಹಸುವನ್ನು ಬಿಚ್ಚಿಕೊಂಡು ಬರೋಣ ಅಂತ ಎದ್ದೆ. ಹೊಸ್ತಿಲು ದಾಟುವಷ್ಟರಲ್ಲಿ ಸಿಡಿಲು ಬಡಿಯಿತು. ಹೊತ್ತಿಗೆ ಆರು ಲೀಟರ್ ಕರೆಯುತ್ತಿದ್ದ ಹಸು. ವಿಮೆ ಮಾಡಿಸಿರಲಿಲ್ಲ. ಅದನ್ನು ತರಲು ತೆಗೆದ ಸಾಲದ ಕಂತು ಆಮೇಲೂ ಹದಿನಾಲ್ಕು ತಿಂಗಳು ಕಟ್ಟಿದೆ, ಖಾಲಿ ಕೊಟ್ಟಿಗೆ ನೋಡಿಕೊಂಡು. ಆ ಸಂಕಟ ನಿಮಗೆ ಬರಬಾರದು ಅಂತಲೇ ಇವತ್ತು ನಿಂತಿದ್ದೇನೆ.

ಖರ್ಚು ಎಷ್ಟು ಅಂತ ಕೇಳುತ್ತೀರಿ. 60,000 ರೂಪಾಯಿ ಬೆಲೆಯ ಹಸುವಿಗೆ ಒಂದು ವರ್ಷದ ಪ್ರೀಮಿಯಂ 2,700 ಅಂತ ಇಟ್ಟುಕೊಳ್ಳಿ. ಜಾನುವಾರು ಮಿಷನ್ ಯೋಜನೆಯಲ್ಲಿ 2024ರಿಂದ ರೈತರ ಪಾಲು ಶೇಕಡಾ 15 ಮಾತ್ರ. ಉಳಿದದ್ದು ಕೇಂದ್ರ, ರಾಜ್ಯ ಎರಡೂ ಸರ್ಕಾರ ಸೇರಿ ಕಟ್ಟುತ್ತವೆ. ಅಂದರೆ ನಿಮ್ಮ ಕೈಯಿಂದ ಹೋಗುವುದು 405 ರೂಪಾಯಿ. ಒಂದೂವರೆ ದಿನದ ಹಾಲಿನ ದುಡ್ಡು. ಅದನ್ನೂ ಈಗಲೇ ಕೊಡಬೇಕಿಲ್ಲ, ಎರಡು ಬಟವಾಡೆಯಲ್ಲಿ ಮುರಿದುಕೊಳ್ಳುತ್ತೇವೆ.

"ಚೆನ್ನಾಗಿರೋ ಹಸುವಿಗೆ ಸಾವಿನ ಮಾತು ಯಾಕೆ?" ಅಂತ ಹಿಂದಿನ ಸಾಲಿನ ಅಜ್ಜಿ ಮೊನ್ನೆ ಬೇಜಾರು ಮಾಡಿಕೊಂಡರು. ಅಜ್ಜಿ, 2022ರಲ್ಲಿ ಚರ್ಮಗಂಟು ರೋಗ ಬಂತಲ್ಲ, ಮೈತುಂಬ ಗಂಟು ಎದ್ದು ಹಸುಗಳು ಮೇವು ಬಿಟ್ಟು ನಿಂತಿದ್ದವು. ನಾವು ಯಾರೂ ಕೆಟ್ಟದ್ದು ನುಡಿದಿರಲಿಲ್ಲ. ಆದರೂ ಬಂತು.

ಈಗ ದುಡ್ಡು ಹೇಗೆ ಸಿಗುತ್ತದೆ, ಹೇಗೆ ತಪ್ಪುತ್ತದೆ ನೋಡಿ. ನಮ್ಮ ಕಡೆ ಮೆಕ್ಕೆಜೋಳ ಜಾಸ್ತಿ. ಕಣದಲ್ಲಿ ರಾಶಿ ಬಿದ್ದಿರುತ್ತದೆ. ಜಗಳೂರು ಕಡೆಯ ಒಬ್ಬರ ಹಸು ರಾತ್ರಿ ಹಗ್ಗ ಕಿತ್ತುಕೊಂಡು ಹೋಗಿ ಹೊಟ್ಟೆತುಂಬ ಕಾಳು ತಿಂದಿತು. ಬೆಳಗಿನ ಜಾವ ಹೊಟ್ಟೆ ಉಬ್ಬಿ ಮಲಗಿತು. ಡಾಕ್ಟರು ಬಂದು ಔಷಧ ಹಾಕಿದರೂ ಮಧ್ಯಾಹ್ನ ಹೋಯಿತು. ಆ ಮನೆಯಾಕೆ ಅಳುತ್ತಲೇ ಸಂಘಕ್ಕೆ ಫೋನ್ ಮಾಡಿದರು. ಡಾಕ್ಟರು ಪೋಸ್ಟ್‌ಮಾರ್ಟಂ ಮಾಡಿದರು, ವಿಮೆ ಮಾಡಿಸುವಾಗ ಕಿವಿಗೆ ಹಾಕಿದ್ದ ನಂಬರಿನ ಓಲೆ ಕಾಣುವ ಹಾಗೆ ಫೋಟೋ ತೆಗೆದರು. ಪಾಲಿಸಿ, ಓಲೆ, ವರದಿ, ಬ್ಯಾಂಕ್ ಪಾಸ್‌ಬುಕ್ ಜೆರಾಕ್ಸ್ ಸೇರಿಸಿ ಕ್ಲೇಮ್ ಫಾರಂ ಕಳಿಸಿದೆವು. 60,000 ಅವರ ಖಾತೆಗೆ ಬಂತು. ಈಗ ಅವರ ಕೊಟ್ಟಿಗೆಯಲ್ಲಿ ಬೇರೆ ಹಸು ಇದೆ.

ಇನ್ನೊಬ್ಬರ ಹಸು ಕರು ಹಾಕುವಾಗ ಸತ್ತಿತು. ಅವರದ್ದೂ ವಿಮೆ ಇತ್ತು. ಆದರೆ ಓಲೆ ಬೇಲಿಗೆ ಸಿಕ್ಕಿ ಉದುರಿ ಎರಡು ತಿಂಗಳಾಗಿತ್ತು. ಹೇಳಿರಲಿಲ್ಲ. ನಾತ ಬರುತ್ತೆ ಅಂತ ಡಾಕ್ಟರು ಬರುವ ಮೊದಲೇ ಹೂತುಬಿಟ್ಟರು. ಯಾವ ಹಸು ಸತ್ತಿದ್ದು ಅಂತ ತೋರಿಸಲು ಏನೂ ಉಳಿಯಲಿಲ್ಲ. ಒಂದು ರೂಪಾಯಿಯೂ ಬರಲಿಲ್ಲ. ಆ ಹಳದಿ ಓಲೆಯ ಮೇಲೆ 12 ಅಂಕಿ ಇರುತ್ತದೆ, ನಮ್ಮ ಆಧಾರ್ ಇದ್ದ ಹಾಗೆ. ದಿನಾ ಹಾಲು ಕರೆಯಲು ಕೂರುವಾಗ ಒಮ್ಮೆ ಕಿವಿ ನೋಡಿ. ಬಿದ್ದಿದ್ದರೆ ಅವತ್ತೇ ಬಂದು ಹೇಳಿ, ಹೊಸದು ಹಾಕಿಸಿ ಪಾಲಿಸಿಯಲ್ಲಿ ನಂಬರ್ ಬದಲಾಯಿಸೋಣ.

ಸುಮ್ನೆ ಆಸೆ ಹುಟ್ಟಿಸುವುದಿಲ್ಲ. ಕಳ್ಳತನವಾದರೆ ಈ ಪಾಲಿಸಿಯಲ್ಲಿ ದುಡ್ಡು ಇಲ್ಲ. ಪಾಲಿಸಿ ಆದ ಮೊದಲ 15 ದಿನದಲ್ಲಿ ಕಾಯಿಲೆಯಿಂದ ಸತ್ತರೂ ಇಲ್ಲ. ಅದಕ್ಕೇ ಹಸು ಮಂಕಾದ ಮೇಲೆ ಓಡಿ ಬಂದರೆ ನನ್ನ ಕೈಲಿ ಏನೂ ಆಗುವುದಿಲ್ಲ. ಕಾಲುಬಾಯಿ ಜ್ವರದ ಲಸಿಕೆ ತಪ್ಪಿಸಬೇಡಿ, ಅದನ್ನೂ ಕೇಳುತ್ತಾರೆ. ಹಸು ಮಾರಿದರೆ ತಿಳಿಸಿ, ವಿಮೆಯನ್ನು ಕೊಂಡವರ ಹೆಸರಿಗೆ ಮಾಡಿಸಬೇಕು.

ಹಸು ಸತ್ತರೆ ಅವತ್ತೇ ನನಗೆ ಫೋನ್ ಮಾಡಿ. ರಾತ್ರಿ ಎರಡು ಗಂಟೆಯಾದರೂ ಸರಿ, ಬೈಯುವುದಿಲ್ಲ. ಡಾಕ್ಟರನ್ನು ಕರೆಸುವುದು, ಫಾರಂ ಬರೆಯುವುದು ನನ್ನ ಕೆಲಸ. ಓದು ಬರಹ ಬರಲ್ಲ ಅಂತ ಯಾರೂ ಹಿಂಜರಿಯಬೇಡಿ.

ಗುರುವಾರ ಬೆಳಿಗ್ಗೆ ಹಾಲು ಹಾಕಿದ ಮೇಲೆ, ಎಂಟು ಗಂಟೆಗೆ, ಡಾಕ್ಟರು ಇಲ್ಲಿಗೇ ಬರುತ್ತಾರೆ. ಹಸುವನ್ನು ಹೊಡೆದುಕೊಂಡು ಬನ್ನಿ. ಆಧಾರ್, ಪಾಸ್‌ಬುಕ್ ಜೆರಾಕ್ಸ್ ತನ್ನಿ. ತುಂಬು ಗಬ್ಬದ ಹಸುವನ್ನು ನಡೆಸಬೇಡಿ, ಮನೆಗೇ ಬಂದು ಓಲೆ ಹಾಕುತ್ತೇವೆ. ಅಂಥವರು ಈಗಲೇ ಹೆಸರು ಬರೆಸಿ. ಅಜ್ಜಿ, ನಿಮ್ಮ ಗೌರಿಗೆ ಎಂಟನೇ ತಿಂಗಳಲ್ವಾ? ನಿಮ್ಮದೇ ಮೊದಲು ಬರೆದುಕೊಳ್ಳಲಾ?